ಫೋನ್ ಕಳೆದ ಮೇಲೆ ಐಟಿ ವಿಭಾಗಕ್ಕೊಂದು ಪತ್ರ

‘ಸರ್, ನನ್ನ ಫೋನ್ ಕಳೆದುಹೋಗಿದೆ. ಲಾಗಿನ್ ಆಗುತ್ತಿಲ್ಲ. ತುಂಬಾ ಅರ್ಜೆಂಟ್, ದಯವಿಟ್ಟು ಬೇಗ ಸರಿಮಾಡಿಕೊಡಿ.’ ಕಂಪನಿಗಳ ಐಟಿ ವಿಭಾಗಕ್ಕೆ ಬರುವ ಇಂಥ ಪತ್ರದಲ್ಲಿ ಸುಳ್ಳೇನೂ ಇರುವುದಿಲ್ಲ. ತೊಂದರೆ ಏನೆಂದರೆ, ಫೋನ್ ಕದ್ದವನೂ ಇದೇ ಪತ್ರವನ್ನು ಅಕ್ಷರ ಬದಲಿಸದೆ ಬರೆಯಬಲ್ಲ.

ಅನುಮಾನ ಅತಿಯಾಯಿತು ಅನ್ನಿಸಿದರೆ 2023ರ ಸೆಪ್ಟೆಂಬರ್ ನೆನಪಿಸಿಕೊಳ್ಳಬಹುದು. ಅಮೆರಿಕದ ಎಂಜಿಎಂ ರೆಸಾರ್ಟ್ಸ್‌ಗೆ ಕನ್ನ ಹಾಕಿದವರು ನೌಕರರ ಸೋಗಿನಲ್ಲಿ ಐಟಿ ಸಹಾಯವಾಣಿಗೆ ಕರೆ ಮಾಡಿಯೇ ಒಳನುಗ್ಗಿದರೆಂದು ವರದಿಯಾಗಿತ್ತು. ಆ ದಾಳಿಯಿಂದಾದ ಹೊಡೆತ ಸುಮಾರು 10 ಕೋಟಿ ಡಾಲರ್ ಎಂದು ಕಂಪನಿಯೇ ಹೇಳಿಕೊಂಡಿತು. ಅಂದಿನಿಂದ ಸಹಾಯವಾಣಿಯವರು ‘ಅರ್ಜೆಂಟ್’ ಎಂಬ ಮಾತು ಕೇಳಿದರೆ ಇನ್ನಷ್ಟು ನಿಧಾನ ಮಾಡುತ್ತಾರೆ. ಮಾಡಲೇಬೇಕು ಕೂಡ.

ಅದೇ ನಂಬರಿನ ಸಿಮ್ ತಂದು ಹೊಸ ಫೋನಿಗೆ ಹಾಕಿಕೊಂಡರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಹಲವರು ನಂಬಿದ್ದಾರೆ. ಎಸ್ಸೆಮ್ಮೆಸ್‌ನಲ್ಲಿ ಬರುವ ಒಟಿಪಿಯ ಮಟ್ಟಿಗೆ ಅದು ನಿಜ. ಆದರೆ ಭಾರತದಲ್ಲಿ ಸಿಮ್ ಬದಲಿಸಿದ ಮೇಲೆ ವಂಚನೆ ತಡೆಯಲೆಂದು ಸಾಮಾನ್ಯವಾಗಿ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸಿರುತ್ತಾರೆ. ಅಥೆಂಟಿಕೇಟರ್ ಆ್ಯಪ್‌ನ ಕತೆಯೇ ಬೇರೆ. ಮೊದಲ ದಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀಲಿ ಫೋನಿನೊಳಗೆ ಹೋಗಿ ಕೂತಿರುತ್ತದೆ. ಆ ಕೀಲಿ ಮತ್ತು ಗಡಿಯಾರದ ಸಮಯ ಎರಡನ್ನೂ ಸೇರಿಸಿ ಆ್ಯಪ್ 30 ಸೆಕೆಂಡಿಗೊಂದು ಆರಂಕಿಯ ಸಂಖ್ಯೆ ತಯಾರಿಸುತ್ತದೆ. ಇದಕ್ಕೂ ಸಿಮ್‌ಗೂ ಸಂಬಂಧವೇ ಇಲ್ಲ. ಬ್ಯಾಕಪ್ ಇರದಿದ್ದರೆ ಫೋನಿನ ಜೊತೆ ಕೀಲಿಯೂ ಹೋದಂತೆ. ಆದ್ದರಿಂದ ಐಟಿಯವರನ್ನು ಕೇಳಬೇಕಾದದ್ದು ಹೊಸ ಪಾಸ್‌ವರ್ಡ್ ಅಲ್ಲ, ಹಳೆಯ ಫೋನಿನ ನೋಂದಣಿ ತೆಗೆದು ಹೊಸದನ್ನು ನೋಂದಾಯಿಸುವ ಅವಕಾಶ.

ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ನೌಕರಳೊಬ್ಬಳು ಭಾನುವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಫೋನ್ ಕಳೆದುಕೊಂಡಳು ಎಂದಿಟ್ಟುಕೊಳ್ಳೋಣ. ಸೋಮವಾರ ಅವಳು ಬರೆಯಬಹುದಾದ ಪತ್ರ ಹೀಗಿರುತ್ತದೆ:

‘ನಿನ್ನೆ ಸಂಜೆ ಸುಮಾರು 6.30ಕ್ಕೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನನ್ನ ಫೋನ್ ಕಳೆದಿದೆ. ಅದರಲ್ಲಿ ಕಚೇರಿಯ ಮೇಲ್ ಮತ್ತು ಅಥೆಂಟಿಕೇಟರ್ ಆ್ಯಪ್ ಇದ್ದವು. ಸ್ಕ್ರೀನ್ ಲಾಕ್ ಹಾಕಿತ್ತು. 6.30ರ ನಂತರ ಆ ಫೋನಿನಿಂದ ಬಂದ ಯಾವ ಲಾಗಿನ್ ಕೂಡ ನನ್ನದಲ್ಲ. ಇಂದು ಬೆಳಿಗ್ಗೆ 9ರ ಹೊತ್ತಿಗೆ ಲ್ಯಾಪ್‌ಟಾಪಿನಿಂದ ಹಲವು ಸಲ ಪ್ರಯತ್ನಿಸಿದ್ದು ನಾನೇ, ಆಮೇಲೆ ಖಾತೆ ಲಾಕ್ ಆಯಿತು. ದಯವಿಟ್ಟು ಹಳೆಯ ಫೋನಿನ ಎಲ್ಲ ಲಾಗಿನ್‌ಗಳನ್ನು ರದ್ದುಮಾಡಿ, ಅದರಲ್ಲಿರುವ ಕಚೇರಿಯ ಮಾಹಿತಿ ಅಳಿಸಿ, ನಂತರ ಹೊಸ ಫೋನ್ ನೋಂದಾಯಿಸಲು ಅವಕಾಶ ಕೊಡಿ. ಗುರುತು ಪರೀಕ್ಷೆಗೆ ಐಡಿ ಕಾರ್ಡ್ ಜೊತೆ ನಿಮ್ಮ ಡೆಸ್ಕಿಗೇ ಬರಬಲ್ಲೆ. ಈ ಪತ್ರವನ್ನು ನನ್ನ ಮ್ಯಾನೇಜರ್ ಮೂಲಕ ಕಳಿಸುತ್ತಿದ್ದೇನೆ.’

ಇಲ್ಲಿ ಅತಿ ಮುಖ್ಯವಾದದ್ದು ಎರಡು ಸಮಯಗಳು. ಐಟಿಯವರ ಮುಂದೆ ಲಾಗಿನ್ ದಾಖಲೆಗಳ ಪಟ್ಟಿಯೇ ಇರುತ್ತದೆ. ಭಾನುವಾರ ರಾತ್ರಿ ಆ ಫೋನಿನಿಂದ ಯಾರಾದರೂ ಮೇಲ್ ತೆರೆದಿದ್ದರೆ ಅದು ಕಳ್ಳತನ, ಬೆಳಗಿನ ವಿಫಲ ಪ್ರಯತ್ನಗಳು ಅವಳವೇ ಎಂದು ಬೇರ್ಪಡಿಸಲು ಇವು ಬೇಕು. ಅವಸರದ ಪತ್ರಗಳಲ್ಲಿ ತಪ್ಪಿಹೋಗುವುದೂ ಇವೇ. ಇನ್ನೊಂದು, ಕೋರಿಕೆಯ ಕ್ರಮ: ಮೊದಲು ಮುಚ್ಚುವುದು, ಆಮೇಲೆ ತೆರೆಯುವುದು. ಸ್ವಂತ ಜಿಮೇಲ್‌ನಿಂದ ಬಂದ ಪತ್ರವನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ, ಹಾಗಾಗಿ ಮ್ಯಾನೇಜರ್ ಮೂಲಕ ಹೋಗುವುದೇ ಹತ್ತಿರದ ದಾರಿ. ಪಾಸ್‌ವರ್ಡ್, ಆಧಾರ್ ಪ್ರತಿ ಇವನ್ನೆಲ್ಲ ಪತ್ರದ ಜೊತೆ ಕಳಿಸುವುದು ಬೇಡ. ಪಾಸ್‌ವರ್ಡಂತೂ ಐಟಿಯವರಿಗೂ ಹೇಳುವಂಥದ್ದಲ್ಲ.

ಗುರುತು ಖಚಿತವಾದ ಮೇಲೆ ಕೆಲಸ ಹೆಚ್ಚೇನಿಲ್ಲ. ಮೈಕ್ರೋಸಾಫ್ಟ್ ಖಾತೆ ಬಳಸುವ ಕಂಪನಿಗಳಲ್ಲಿ ತಾತ್ಕಾಲಿಕ ಪ್ರವೇಶ ಸಂಖ್ಯೆಯೊಂದನ್ನು ಕೊಡುವ ಏರ್ಪಾಡು ಇದೆ. ಕಂಪನಿ ಬದಲಿಸದಿದ್ದರೆ ಅದರ ಆಯುಷ್ಯ ಒಂದು ಗಂಟೆ. ಹೊಸ ಫೋನ್ ಕೈಗೆ ಬರುವ ಮೊದಲೇ ಅದನ್ನು ಪಡೆದು ಕಾಲ ಮೀರಿಸಿಕೊಂಡು ಮತ್ತೆ ಪತ್ರ ಬರೆಯುವವರೂ ಇದ್ದಾರೆ. ಗೂಗಲ್ ಬಳಸುವ ಕಡೆ ಬ್ಯಾಕಪ್ ಕೋಡ್‌ಗಳಿರುತ್ತವೆ: ಒಮ್ಮೆಗೆ ಹತ್ತು, ಪ್ರತಿಯೊಂದೂ ಒಂದೇ ಬಳಕೆಗೆ.

ಫೋನನ್ನೇ ನಿರುಪಯೋಗಿ ಮಾಡಿಸುವುದು ಐಟಿ ವಿಭಾಗದ ಕೆಲಸವಲ್ಲ. ಅದಕ್ಕೆ ಪೊಲೀಸ್ ದೂರು ಬೇಕು. ಆ ದೂರಿನ ಪ್ರತಿ ಮತ್ತು 15 ಅಂಕಿಯ ಐಎಂಇಐ ಸಂಖ್ಯೆ ಇದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಫೋನನ್ನು ಬ್ಲಾಕ್ ಮಾಡಿಸಬಹುದು. ಆ ಸಂಖ್ಯೆ ಫೋನಿನ ಡಬ್ಬಿಯ ಮೇಲಿರುತ್ತದೆ. ಡಬ್ಬಿ ಎಸೆದಿದ್ದರೆ, ಫೋನ್ ಇನ್ನೂ ಕೈಯಲ್ಲಿರುವಾಗಲೇ *#06# ಒತ್ತಿ ನೋಡಿ ಎಲ್ಲಾದರೂ ಬರೆದಿಟ್ಟುಕೊಳ್ಳಿ.