ಫ್ರೆಂಚ್ ಪದ ಕಲಿಸುವ ಮೂರು ತರಗತಿ ಆಟಗಳು

ಫ್ರೆಂಚ್ ಕಲಿಯಲು ತೊಡಗಿದ ಹದಿಹರೆಯದ ವಿದ್ಯಾರ್ಥಿ ಒಂದು ನಾಮಪದ ಕಲಿಯುವಾಗ ಮೂರು ಸಂಗತಿಗಳನ್ನು ಒಟ್ಟಿಗೆ ಕಲಿಯಬೇಕಾಗುತ್ತದೆ: ಅದರ ಅರ್ಥ, ಅದರ ಕಾಗುಣಿತ, ಅದರ ಲಿಂಗ. ಕನ್ನಡದಲ್ಲಿ ಮೇಜು, ಪುಸ್ತಕ, ಬಾಗಿಲು ಎಲ್ಲವೂ ನಪುಂಸಕಲಿಂಗ. ಫ್ರೆಂಚಿನಲ್ಲಿ ನಪುಂಸಕಲಿಂಗವೇ ಇಲ್ಲ. ಅಲ್ಲಿ ಮೇಜು ಸ್ತ್ರೀಲಿಂಗವಾದ್ದರಿಂದ ‘ಲಾ ತಾಬ್ಲ್’, ಪುಸ್ತಕ ಪುಲ್ಲಿಂಗವಾದ್ದರಿಂದ ‘ಲ ಲೀವ್ರ್’. ಹಿಂದೆ ಬರುವ ‘ಲ’ ಅಥವಾ ‘ಲಾ’ ಎಂಬ ಗುರುತುಪದವನ್ನು ಬಿಟ್ಟು ಬರೀ ನಾಮಪದವನ್ನು ಕಂಠಪಾಠ ಮಾಡಿದವರಿಗೆ ವಾಕ್ಯ ಕಟ್ಟುವಾಗ ವಿಶೇಷಣ, ಸರ್ವನಾಮಗಳೆಲ್ಲ ತಪ್ಪುತ್ತವೆ. ಆದ್ದರಿಂದ ಪದ ಕಲಿಸುವ ಯಾವ ಆಟವಾದರೂ ಪದವನ್ನು ಅದರ ಗುರುತುಪದದ ಜತೆಗೇ ಬಾಯಿಂದಲೋ ಪೆನ್ನಿನಿಂದಲೋ ಹೊರಡಿಸಬೇಕು. ಹಾಗೆ ಹೊರಡಿಸುವುದು ಆಟದ ನಿಯಮಕ್ಕಿಂತ ಹೆಚ್ಚಾಗಿ ಅಂಕ ಕೊಡುವ ಕ್ರಮ.

ಆಟ ಹೊಸ ಪದಗಳನ್ನು ಪರಿಚಯಿಸುವ ಸಾಧನವಲ್ಲ. ಮೊದಲು ಪಾಠದಲ್ಲಿ ಕಂಡ, ಕೇಳಿದ ಪದಗಳನ್ನು ನೆನಪಿನಿಂದ ಮತ್ತೆ ಮತ್ತೆ ಹೊರತೆಗೆಯುವ ಅಭ್ಯಾಸ ಅದು. ಒಂದು ಆಟಕ್ಕೆ ಹತ್ತು ಹನ್ನೆರಡು ಹೊಸ ಪದ, ಹದಿನೈದು ಇಪ್ಪತ್ತು ನಿಮಿಷ ಸಾಕು. ಸುಲಭದಿಂದ ಕಷ್ಟದ ಕಡೆಗೆ ಸಾಗುವ ಮೂರು ಆಟಗಳನ್ನು ಇಲ್ಲಿ ವಿವರಿಸಲಾಗಿದೆ. ಮೊದಲನೆಯದು ನೋಡಿ ನೆನೆಯುವುದು, ಎರಡನೆಯದು ನೆನೆದು ಬರೆಯುವುದು, ಮೂರನೆಯದು ಮಾತಾಡುವುದು.

ಕಿಮ್ ಆಟ

ರಡ್ಯಾರ್ಡ್ ಕಿಪ್ಲಿಂಗ್ 1901ರಲ್ಲಿ ಪ್ರಕಟಿಸಿದ ‘ಕಿಮ್’ ಕಾದಂಬರಿಯ ಹುಡುಗ ಶಿಮ್ಲಾದ ಅಂಗಡಿಯೊಂದರಲ್ಲಿ ತಟ್ಟೆಯ ಮೇಲಿನ ಹರಳುಗಳನ್ನು ಒಮ್ಮೆ ನೋಡಿ ನೆನಪಿಟ್ಟುಕೊಳ್ಳುವ ತರಬೇತಿ ಪಡೆಯುತ್ತಾನೆ. ಆ ಪ್ರಸಂಗದಿಂದ ಹುಟ್ಟಿದ ಈ ಆಟ ಸ್ಕೌಟ್ ಚಳವಳಿಯ ಮೂಲಕ ಹರಡಿತು. ಫ್ರಾನ್ಸಿನಲ್ಲಿ ಇದಕ್ಕೆ ‘ಜ಼ ದ ಕಿಮ್’ ಎನ್ನುತ್ತಾರೆ.

ತರಗತಿಯಲ್ಲೇ ಸಿಗುವ ಹನ್ನೆರಡು ವಸ್ತುಗಳನ್ನು ಮೇಜಿನ ಮೇಲೆ ಹರಡಬೇಕು. ಆರು ಪುಲ್ಲಿಂಗ, ಆರು ಸ್ತ್ರೀಲಿಂಗ ಇರುವಂತೆ ಆರಿಸಿದರೆ ಒಳ್ಳೆಯದು. ಸ್ತಿಲೋ (ಪೆನ್ನು), ಕ್ರೆಯೋಂ (ಪೆನ್ಸಿಲ್), ಕಾಯೇ (ನೋಟ್‌ಬುಕ್), ಲೀವ್ರ್ (ಪುಸ್ತಕ), ಮುಶ್ವಾರ್ (ಕರವಸ್ತ್ರ), ಪಾರಾಪ್ಲ್ವಿ (ಕೊಡೆ) ಪುಲ್ಲಿಂಗ. ಗೋಮ್ (ರಬ್ಬರ್), ರೆಗ್ಲ್ (ಸ್ಕೇಲು), ಕ್ಲೇ (ಬೀಗದ ಕೈ), ಮೋಂತ್ರ್ (ಕೈಗಡಿಯಾರ), ತ್ರೂಸ್ (ಪೆನ್ಸಿಲ್ ಚೀಲ), ಬುತೇಯ್ (ಬಾಟಲಿ) ಸ್ತ್ರೀಲಿಂಗ. ಶಿಕ್ಷಕರು ಒಂದೊಂದನ್ನು ಎತ್ತಿ ತೋರಿಸಿ ‘ಅಂ ಸ್ತಿಲೋ’, ‘ಯುನ್ ಗೋಮ್’ ಎಂದು ಹೇಳುತ್ತಾರೆ. ತರಗತಿ ಮರುನುಡಿಯುತ್ತದೆ. ಒಂದು ನಿಮಿಷ ನೋಡಲು ಬಿಟ್ಟು ಬಟ್ಟೆ ಮುಚ್ಚಬೇಕು. ಮೂರು ನಾಲ್ಕು ಮಂದಿಯ ತಂಡಗಳು ಎರಡು ನಿಮಿಷದಲ್ಲಿ ನೆನಪಾದಷ್ಟನ್ನು ಬರೆಯುತ್ತವೆ. ಹಾಳೆಯನ್ನು ಮೊದಲೇ ಎರಡು ಕಾಲಂ ಮಾಡಿ ‘ಅಂ’ ಒಂದು ಕಡೆ, ‘ಯುನ್’ ಇನ್ನೊಂದು ಕಡೆ ಬರೆಸಿಟ್ಟರೆ ಲಿಂಗ ತೀರ್ಮಾನಿಸದೆ ಯಾವ ಪದವನ್ನೂ ಬರೆಯಲಾಗುವುದಿಲ್ಲ.

ಪದಕ್ಕೆ ಒಂದು ಅಂಕ, ಸರಿಯಾದ ಕಾಲಮಿಗೆ ಇನ್ನೊಂದು. ಹೀಗೆ ಒಟ್ಟು 24 ಅಂಕ. ‘ಅಂ ಗೋಮ್’ ಎಂದು ಬರೆದ ತಂಡಕ್ಕೆ ರಬ್ಬರ್ ನೆನಪಾದದ್ದಕ್ಕೆ ಒಂದು ಸಿಗುತ್ತದೆ, ಲಿಂಗದ್ದು ಹೋಗುತ್ತದೆ.

ಇದರ ಮುಂದಿನ ರೂಪದಲ್ಲಿ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಒಂದು ವಸ್ತು ಮಾಯವಾಗುತ್ತದೆ. ಶಿಕ್ಷಕರು ‘ಕೆಸ್ ಕಿ ಮಾಂಕ್?’ (ಏನು ಕಾಣೆಯಾಗಿದೆ?) ಎಂದು ಕೇಳಿದಾಗ ‘ಇಲ್ ಮಾಂಕ್ ಲಾ ಕ್ಲೇ’ (ಬೀಗದ ಕೈ ಕಾಣೆಯಾಗಿದೆ) ಎಂಬ ಪೂರ್ಣ ವಾಕ್ಯ ಬಂದರೆ ಮಾತ್ರ ಅಂಕ. ಇನ್ನೊಂದು ರೂಪದಲ್ಲಿ ವಸ್ತುಗಳನ್ನು ಚೀಲದೊಳಗೆ ಹಾಕಿ ಮುಟ್ಟಿ ಗುರುತಿಸುವುದು. ಉದ್ದ, ಮೃದು, ದುಂಡಗೆ ಎಂಬಂಥ ವಿಶೇಷಣಗಳ ಅಭ್ಯಾಸಕ್ಕೆ ಇದು ಒದಗುತ್ತದೆ.

ಪೆತಿ ಬಾಕ್

ಕರ್ನಾಟಕದ ಮಕ್ಕಳು ‘ನೇಮ್, ಪ್ಲೇಸ್, ಅನಿಮಲ್, ಥಿಂಗ್’ ಎಂದು ಆಡುವ ಆಟವನ್ನು ಫ್ರಾನ್ಸಿನ ಮಕ್ಕಳು ‘ಪೆತಿ ಬಾಕ್’ ಎಂದು ಆಡುತ್ತಾರೆ. ಅಲ್ಲಿನ ಪ್ರೌಢಶಿಕ್ಷಣದ ಕೊನೆಯ ಪರೀಕ್ಷೆ ಬಾಕಲೊರಿಯಾದ ಹ್ರಸ್ವರೂಪವೇ ‘ಬಾಕ್’. ಕ್ರಮ ಮೊದಲೇ ಗೊತ್ತಿರುವುದರಿಂದ ನಿಯಮ ವಿವರಿಸಲು ಹೊತ್ತು ಹಿಡಿಯುವುದಿಲ್ಲ.

ಹಾಳೆಯಲ್ಲಿ ಐದು ಕಾಲಂ: ದೇಶ, ಪ್ರಾಣಿ, ಹಣ್ಣು ತರಕಾರಿ, ವೃತ್ತಿ, ವಸ್ತು. ಒಬ್ಬ ವಿದ್ಯಾರ್ಥಿ ‘ಆ’ ಎಂದು ಗಟ್ಟಿಯಾಗಿ ಹೇಳಿ, ಫ್ರೆಂಚ್ ವರ್ಣಮಾಲೆಯನ್ನು ಮನಸ್ಸಿನಲ್ಲೇ ಮುಂದುವರಿಸುತ್ತಾನೆ. ಇನ್ನೊಬ್ಬರು ‘ಸ್ತೋಪ್’ ಎಂದಾಗ ತಲುಪಿದ ಅಕ್ಷರವನ್ನು ಅದರ ಫ್ರೆಂಚ್ ಹೆಸರಿನಲ್ಲೇ ಹೇಳಬೇಕು. ಇಂಗ್ಲಿಷಿನ ‘ಜಿ’ ಅಕ್ಷರ ಫ್ರೆಂಚಿನಲ್ಲಿ ‘ಜ಼ೇ’, ಇಂಗ್ಲಿಷಿನ ‘ಜೇ’ ಫ್ರೆಂಚಿನಲ್ಲಿ ‘ಜ಼ಿ’. ಇವೆರಡು ಅದಲುಬದಲಾಗುವುದು ತೀರ ಸಾಮಾನ್ಯ, ಈ ಆಟದಲ್ಲಿ ಅದು ಬೇಗ ತಿದ್ದಿಕೊಳ್ಳುತ್ತದೆ. ಕೆ, ಡಬ್ಲ್ಯು, ಎಕ್ಸ್, ವೈ ಅಕ್ಷರಗಳಿಂದ ಶುರುವಾಗುವ ಫ್ರೆಂಚ್ ಪದ ಕಡಿಮೆ, ಅವನ್ನು ಬಿಡಬೇಕು.

ಮನೆಯಲ್ಲಿ ಆಡುವಾಗ ಮೊದಲು ಮುಗಿಸಿದವರು ಎಲ್ಲರನ್ನೂ ನಿಲ್ಲಿಸುತ್ತಾರೆ. ತರಗತಿಯಲ್ಲಿ ಆ ನಿಯಮ ಕೆಲಸಕ್ಕೆ ಬಾರದು. ಚುರುಕಾದ ಒಬ್ಬರು ಐದನ್ನೂ ಗೀಚಿ ಮುಗಿಸಿದರೆ, ಯೋಚಿಸುತ್ತಿದ್ದವರ ಹಾಳೆ ಖಾಲಿ ಉಳಿಯುತ್ತದೆ. ಎಲ್ಲರಿಗೂ ಒಂದೇ ಸಮವಾಗಿ ಎರಡು ನಿಮಿಷ ಕೊಡುವುದು ಸರಿ.

ಅಂಕದ ಕ್ರಮ ಹೀಗಿರಬಹುದು: ಬೇರೆ ಯಾರೂ ಬರೆಯದ ಪದಕ್ಕೆ 2, ಇನ್ನೊಂದು ತಂಡವೂ ಬರೆದ ಪದಕ್ಕೆ 1, ಗುರುತುಪದ ಸರಿಯಿದ್ದರೆ ಜತೆಗೆ 1. ‘ಪಿ’ ಅಕ್ಷರ ಬಂದ ಒಂದು ಸುತ್ತನ್ನು ನೋಡೋಣ.

ಮೊದಲ ತಂಡ ಬರೆದದ್ದು: ಲ ಪೊರ್ತ್ಯುಗಾಲ್, ಲಾ ಪೂಲ್ (ಕೋಳಿ), ಲಾ ಪೋಮ್ (ಸೇಬು), ಲ ಪೊಂಪ್ಯೇ (ಅಗ್ನಿಶಾಮಕ), ಲಾ ಪೋರ್ತ್ (ಬಾಗಿಲು).
ಎರಡನೆಯ ತಂಡ: ಲ ಪೊರ್ತ್ಯುಗಾಲ್, ಲ ಪಾಪಿಯೋಂ (ಚಿಟ್ಟೆ), ಲಾ ಪೋಮ್, ಲ ಪ್ರೊಫೆಸರ್, ಲ ಪೋರ್ತ್.
ಮೂರನೆಯ ತಂಡ: ಲಾ ಪೊಲೋಞ್ (ಪೋಲೆಂಡ್), ಲ ಪೆರೊಕೇ (ಗಿಳಿ), ಲ ಪ್ವಾರ್ (ಪೇರ್ ಹಣ್ಣು), ವೃತ್ತಿ ಖಾಲಿ, ಲ ಪಾಂತಾಲೋಂ (ಪ್ಯಾಂಟು).

ಮೊದಲ ತಂಡಕ್ಕೆ ಕ್ರಮವಾಗಿ 2, 3, 2, 3, 2, ಒಟ್ಟು 12. ಎರಡನೆಯ ತಂಡ ಬಾಗಿಲನ್ನು ಪುಲ್ಲಿಂಗ ಮಾಡಿದ್ದರಿಂದ 2, 3, 2, 3, 1, ಒಟ್ಟು 11. ಮೂರನೆಯ ತಂಡ ಯಾರೂ ಬರೆಯದ ನಾಲ್ಕು ಪದ ಹುಡುಕಿದೆ. ಆದರೆ ಸ್ತ್ರೀಲಿಂಗದ ಪೇರ್ ಹಣ್ಣನ್ನು ಪುಲ್ಲಿಂಗ ಮಾಡಿ ಒಂದು ಅಂಕ ಕಳೆದುಕೊಂಡು, 3, 3, 2, 0, 3 ಎಂದು ಅದೂ 11ಕ್ಕೆ ನಿಂತಿದೆ. ಸೋತ ಎರಡೂ ತಂಡಗಳು ಒಂದು ಗುರುತುಪದ ಸರಿಯಾಗಿದ್ದರೆ ಗೆದ್ದ ತಂಡದ ಸಮಕ್ಕೆ ಬರುತ್ತಿದ್ದವು. ಹೀಗೆ ಕೈತಪ್ಪಿದ ಅಂಕ ‘ಲಾ ಪೋರ್ತ್’ ಎಂಬುದನ್ನು ಮನಸ್ಸಿನಲ್ಲಿ ನಿಲ್ಲಿಸುತ್ತದೆ.

ಎರಡು ಕಡೆ ತಕರಾರು ಬರುತ್ತದೆ. ‘ಎಫ್’ ಸುತ್ತಿನಲ್ಲಿ ಕಿವಿಗೆ ಕೇಳಿದಂತೆ ಫೊತೊಗ್ರಾಫ್ ಎಂದು ಬರೆಯುವವರಿರುತ್ತಾರೆ. ಫ್ರೆಂಚ್ ಕಾಗುಣಿತದಲ್ಲಿ ಅದು ‘ಪಿ’ಯಿಂದ ಶುರುವಾಗುವ ಪದ, ಆದ್ದರಿಂದ ಅಂಕವಿಲ್ಲ. ಇನ್ನೊಂದು, ಸ್ವರದಿಂದ ಶುರುವಾಗುವ ಪದಗಳ ಹಿಂದೆ ‘ಲ’, ‘ಲಾ’ ಎರಡೂ ಬರೀ ‘ಲ್’ ಆಗಿ ಲಿಂಗ ಮರೆಯಾಗುತ್ತದೆ. ಶಾಲೆ ‘ಲೆಕೋಲ್’, ಮರ ‘ಲಾರ್ಬ್ರ್’. ಅಂಥ ಅಕ್ಷರ ಬಂದಾಗ ‘ಅಂ’ ಅಥವಾ ‘ಯುನ್’ ಬರೆಯಬೇಕೆಂದು ಮೊದಲೇ ಹೇಳಬೇಕು.

ಟೋಪಿ ಆಟ

‘ಜ಼ ದ್ಯು ಶಾಪೋ’ ಎಂಬ ಈ ಆಟಕ್ಕೆ ಬೇಕಾದದ್ದು ಒಂದು ಟೋಪಿ ಅಥವಾ ಡಬ್ಬಿ, ಮೂವತ್ತು ಚೀಟಿ, ಒಂದು ಗಡಿಯಾರ. ಚೀಟಿಗಳಲ್ಲಿ ಹತ್ತು ಹೊಸ ಪದ, ಇಪ್ಪತ್ತು ಹಳೆಯ ಪದ ಇರಲಿ. ನಲವತ್ತು ಮಂದಿಯ ತರಗತಿಯನ್ನು ನಾಲ್ಕು ವೃತ್ತ ಮಾಡಿ, ಪ್ರತಿ ವೃತ್ತಕ್ಕೂ ಚೀಟಿಗಳ ಒಂದು ಕಟ್ಟು ಕೊಟ್ಟು, ಅದರೊಳಗೆ ಐದೈದು ಮಂದಿಯ ಎರಡು ತಂಡ ಮಾಡಬೇಕು. ತಂಡದ ಒಬ್ಬರು ಚೀಟಿ ತೆಗೆದು 45 ಸೆಕೆಂಡಿನಲ್ಲಿ ತಮ್ಮವರಿಂದ ಆದಷ್ಟು ಪದ ಹೇಳಿಸುತ್ತಾರೆ. ನಂತರ ಎದುರು ತಂಡದ ಸರದಿ. ಚೀಟಿಗಳು ಮುಗಿದಾಗ ಅವನ್ನೇ ಮತ್ತೆ ಟೋಪಿಗೆ ಹಾಕಿ ಮುಂದಿನ ಸುತ್ತು ಶುರು.

ಮೊದಲ ಸುತ್ತಿನಲ್ಲಿ ಆ ಪದವೊಂದನ್ನು ಬಿಟ್ಟು ಫ್ರೆಂಚಿನಲ್ಲಿ ಏನು ಬೇಕಾದರೂ ಹೇಳಬಹುದು. ಎರಡನೆಯದರಲ್ಲಿ ಒಂದೇ ಒಂದು ಪದ. ಮೂರನೆಯದರಲ್ಲಿ ಮಾತಿಲ್ಲ, ಬರೀ ಅಭಿನಯ. ‘ಲ ಪೊಂಪ್ಯೇ’ ಚೀಟಿ ಬಂದರೆ ಮೊದಲ ಸುತ್ತಿನಲ್ಲಿ ‘ಬೆಂಕಿ ಆರಿಸುವ ವ್ಯಕ್ತಿ’ ಎಂದು ಫ್ರೆಂಚಿನಲ್ಲಿ ವಿವರಣೆ, ಎರಡನೆಯದರಲ್ಲಿ ‘ಫ಼’ (ಬೆಂಕಿ) ಎಂಬ ಒಂದು ಪದ, ಮೂರನೆಯದರಲ್ಲಿ ನೀರಿನ ಪೈಪು ಹಿಡಿದ ಅಭಿನಯ. ಮೊದಲ ಸುತ್ತಿನಲ್ಲಿ ಗೊತ್ತಿರದಿದ್ದ ಪದವೂ ಮೂರನೆಯದರ ಹೊತ್ತಿಗೆ ಪರಿಚಿತವಾಗಿರುತ್ತದೆ. ಉಳಿದವರ ಎದುರು ತಪ್ಪು ಮಾತಾಡಲು ಹಿಂಜರಿಯುವ ವಿದ್ಯಾರ್ಥಿಗಳು ಅಭಿನಯದ ಸುತ್ತಿನಲ್ಲಿ ಮುಂದೆ ಬರುವುದುಂಟು.

ಈ ಆಟ ಕೆಡುವುದು ಮೊದಲ ಸುತ್ತಿನಲ್ಲೇ. ವಾಕ್ಯ ಕಟ್ಟಲು ತಿಳಿಯದೆ ಮಕ್ಕಳು ಕನ್ನಡಕ್ಕೋ ಇಂಗ್ಲಿಷಿಗೋ ಜಾರುತ್ತಾರೆ. ಇದಕ್ಕೆ ದಂಡಕ್ಕಿಂತ ಆಸರೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ‘ಸೆ ಯುನ್ ಪೆರ್ಸೋನ್ ಕಿ…’ (ಇದು … ಮಾಡುವ ವ್ಯಕ್ತಿ), ‘ಸೆತ್ ಅಂ ನಾಂದ್ರ್ವಾ ಊ…’ (ಇದು … ಇರುವ ಜಾಗ), ‘ಸೆ ಲ ಕೋಂತ್ರೇರ್ ದ…’ (ಇದು … ಎಂಬುದರ ವಿರುದ್ಧ) ಎಂಬ ಮೂರು ಆರಂಭಗಳನ್ನು ಹಲಗೆಯ ಮೇಲೆ ಬರೆದಿಟ್ಟರೆ ಬಹುಪಾಲು ಪದಗಳನ್ನು ವಿವರಿಸಬಹುದು. ಬೇರೆ ಭಾಷೆ ಬಂದರೆ ಆ ಚೀಟಿ ಅಂಕವಿಲ್ಲದೆ ಟೋಪಿಗೆ ಮರಳುತ್ತದೆ, ಅಷ್ಟೇ.

ಗುರುತುಪದದ ಸಮೇತ ಊಹಿಸಿದರೆ 2 ಅಂಕ, ಬರೀ ಪದಕ್ಕೆ 1. ಅರ್ಥ ತಪ್ಪಿದರೆ ಏನೂ ಇಲ್ಲ. ಗ್ರಂಥಾಲಯಕ್ಕೆ ‘ಲಾ ಬಿಬ್ಲಿಯೊತೆಕ್’ ಎನ್ನಬೇಕಾದಲ್ಲಿ ಇಂಗ್ಲಿಷಿನ ಪ್ರಭಾವದಿಂದ ‘ಲಾ ಲಿಬ್ರೇರಿ’ ಎನ್ನುವವರು ಬಹಳ. ಅದು ಪುಸ್ತಕದ ಅಂಗಡಿ.

ಅಂಕಗಳ ಲೆಕ್ಕ

ಅಂಕಪಟ್ಟಿಯನ್ನೂ ಪಾಠವಾಗಿಸಬಹುದು. ಫ್ರೆಂಚಿನಲ್ಲಿ 70 ಎಂದರೆ ‘ಅರವತ್ತು ಹತ್ತು’, 80 ಎಂದರೆ ‘ನಾಲ್ಕು ಇಪ್ಪತ್ತು’, 90 ಎಂದರೆ ‘ನಾಲ್ಕು ಇಪ್ಪತ್ತು ಹತ್ತು’. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಎಲ್ಲ ತಂಡಗಳನ್ನೂ ಸೊನ್ನೆಯ ಬದಲು 60ರಿಂದ ಶುರುಮಾಡಿಸಿದರೆ ಇಡೀ ಆಟ ಈ ಸಂಖ್ಯೆಗಳಲ್ಲೇ ನಡೆಯುತ್ತದೆ. ಪ್ರತಿ ಸುತ್ತಿನ ಕೊನೆಗೆ ತಂಡದ ಒಬ್ಬರು ತಮ್ಮ ಮೊತ್ತವನ್ನು ಫ್ರೆಂಚಿನಲ್ಲಿ ಹೇಳಬೇಕು. ತಪ್ಪಿದರೆ ಎದುರಾಳಿಗೆ ಒಂದು ಅಂಕ.

ತಪ್ಪಿಗೆ ಅಂಕ ಕಳೆಯುವುದು ಬೇಡ. ಕಳೆದರೆ ಸಂಕೋಚದ ಮಕ್ಕಳು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ. ಯಾರನ್ನೂ ಆಟದಿಂದ ಹೊರಗೆ ಕೂರಿಸುವುದೂ ಬೇಡ. ಏಕೆಂದರೆ ಮೊದಲು ಹೊರಬೀಳುವವರು ಹೆಚ್ಚು ಅಭ್ಯಾಸ ಬೇಕಾದವರೇ. ಎರಡು ವಾರಕ್ಕೊಮ್ಮೆ ತಂಡಗಳನ್ನು ಬದಲಿಸಿದರೆ ಗೆಲುವು ಒಂದೇ ಕಡೆ ನಿಲ್ಲುವುದಿಲ್ಲ.

ಆಟದಲ್ಲಿ ಗೆದ್ದ ತಂಡದಲ್ಲೂ ಪದ ಕಲಿಯದೆ ಉಳಿದವರು ಇರಬಹುದು. ಅದು ತಿಳಿಯುವುದು ಎರಡು ದಿನ ಕಳೆದ ಮೇಲೆ. ಆಗ ಆ ಹೊಸ ಪದಗಳಲ್ಲಿ ಐದನ್ನು ಚಿತ್ರ ತೋರಿಸಿ, ಗುರುತುಪದದ ಸಮೇತ ಪ್ರತಿಯೊಬ್ಬರಿಂದಲೂ ಬರೆಸಬೇಕು. ಪ್ರತಿ ಪೂರ್ಣ ಉತ್ತರಕ್ಕೂ ಅವರ ತಂಡಕ್ಕೆ ಒಂದು ಅಂಕ. ಈ ಅಂಕಗಳೂ ಸೇರಿದ ಮೇಲೆಯೇ ವಾರದ ಗೆಲುವನ್ನು ಘೋಷಿಸಿದರೆ, ತಂಡದವರು ಹಿಂದುಳಿದ ಗೆಳೆಯರಿಗೆ ತಾವೇ ಪದಗಳನ್ನು ಕಲಿಸಲು ಕಾರಣ ಸಿಗುತ್ತದೆ. ಆ ಹಾಳೆಗಳಲ್ಲಿ ಅರ್ಧ ತರಗತಿ ತಪ್ಪಿದ ಪದಗಳು ಮುಂದಿನ ಆಟದ ಚೀಟಿಗಳಿಗೆ ಮರಳಬೇಕು.