ಏರದ, ಇಳಿಯದ ಸಕ್ಕರೆ

ಇಪ್ಪತ್ತರ ಆಸುಪಾಸಿನ, ತೆಳ್ಳಗಿನ ಮೈಕಟ್ಟಿನ ಯುವಜನರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 110ರಿಂದ 130 ಮಿಲಿಗ್ರಾಂ ಕಂಡುಬಂದರೆ ಮೊದಲು ಮನಸ್ಸಿಗೆ ಬರುವುದು ಎರಡು ಸಾಧ್ಯತೆಗಳು: ಟೈಪ್ 1 ಈಗಷ್ಟೇ ಶುರುವಾಗಿರಬಹುದು, ಇಲ್ಲವೇ ಟೈಪ್ 2 ಬೇಗ ಬಂದಿರಬಹುದು. ಮೂರನೆಯ ಸಾಧ್ಯತೆಯೊಂದಿದೆ. ಒಂದೇ ಒಂದು ವಂಶವಾಹಿಯಲ್ಲಿನ ದೋಷದಿಂದ ಬರುವ ಸಕ್ಕರೆ ಕಾಯಿಲೆ ಅದು. ವೈದ್ಯರು ಈ ಗುಂಪನ್ನು ಮೋಡಿ ಎಂದು ಕರೆಯುತ್ತಾರೆ. 1970ರ ದಶಕದಲ್ಲಿ ರಾಬರ್ಟ್ ಟ್ಯಾಟರ್ಸಾಲ್ ಮತ್ತು ಸ್ಟೆಫಾನ್ ಫಯಾನ್ಸ್ ಎಂಬ ವೈದ್ಯರು ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸಿದರು. ಇದರಲ್ಲಿ ಹಲವು ಬಗೆಗಳಿವೆ. ಸ್ವಲ್ಪವೇ ಹೆಚ್ಚಿರುವ, ವರ್ಷಗಟ್ಟಲೆ ಅಲ್ಲೇ ನಿಂತಿರುವ ಖಾಲಿ ಹೊಟ್ಟೆಯ ಸಕ್ಕರೆಗೆ ಕಾರಣವಾಗುವುದು ಮುಖ್ಯವಾಗಿ ಅವುಗಳಲ್ಲೊಂದು, ಗ್ಲುಕೋಕೈನೇಸ್ ದೋಷ.

ಗ್ಲುಕೋಕೈನೇಸ್ ಎನ್ನುವುದು ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿರುವ ಕಿಣ್ವ. ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಅಳೆಯುವುದು ಅದರ ಕೆಲಸ. ಸಕ್ಕರೆ ಸುಮಾರು 90 ಮಿಲಿಗ್ರಾಂ ದಾಟುತ್ತಿದ್ದಂತೆ ಅದು ಚುರುಕಾಗುತ್ತದೆ, ಇನ್ಸುಲಿನ್ ಹೊರಬರುತ್ತದೆ. ಈ ಕಿಣ್ವವನ್ನು ತಯಾರಿಸುವ ಜಿಸಿಕೆ ಎಂಬ ವಂಶವಾಹಿಯ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲೂ ಇರುತ್ತವೆ, ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಒಂದು ಪ್ರತಿ ಕೆಟ್ಟಿದ್ದರೆ ಅಳತೆ ತುಸು ಮಂದವಾಗುತ್ತದೆ. ಇನ್ಸುಲಿನ್ ಹೊರಡುವ ಮಟ್ಟ 90ರ ಬದಲು 110-120ರ ಹತ್ತಿರಕ್ಕೆ ಸರಿಯುತ್ತದೆ. ಗೀಸರಿನ ಗುಂಡಿಯನ್ನು ಒಂದು ಗೆರೆ ಮೇಲಕ್ಕೆ ತಿರುಗಿಸಿಟ್ಟಂತೆ ಇದು: ನೀರು ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಆದರೆ ಗೀಸರ್ ಕೆಟ್ಟಿಲ್ಲ, ಹೊಸ ಮಟ್ಟ ಮುಟ್ಟಿದ ಕೂಡಲೇ ತಾನಾಗಿ ನಿಲ್ಲುತ್ತದೆ. ಬೀಟಾ ಕೋಶಗಳು ಸೊರಗಿರುವುದಿಲ್ಲ, ಇನ್ಸುಲಿನ್ ಮುಗಿದುಹೋಗಿರುವುದೂ ಇಲ್ಲ. ಉಂಡಾಗ ಅವು ತಮ್ಮ ಹೊಸ ಗೆರೆಯನ್ನೇ ಸರಿಯೆಂದು ನಂಬಿ ಅದನ್ನು ಕಾಯುತ್ತವೆ. ಆದ್ದರಿಂದ ಈ ಹೆಚ್ಚಳ ಹುಟ್ಟಿನಿಂದಲೇ ಇರುತ್ತದೆ. ಅದಕ್ಕೆ ಬಾಯಾರಿಕೆಯಾಗಲಿ, ಪದೇಪದೇ ಮೂತ್ರವಾಗಲಿ, ತೂಕ ಇಳಿಯುವುದಾಗಲಿ ಜೊತೆಗೂಡಿ ಬರುವುದಿಲ್ಲ. ಕೆಲಸಕ್ಕೆ ಸೇರುವಾಗಿನ ತಪಾಸಣೆಯಲ್ಲೋ ಗರ್ಭಿಣಿಯರ ತಪಾಸಣೆಯಲ್ಲೋ ಅದು ಆಕಸ್ಮಿಕವಾಗಿ ಸಿಕ್ಕಿಬೀಳುತ್ತದೆ.

ಹೀಗೊಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. 22ರ ಯುವತಿಯೊಬ್ಬಳ ಎತ್ತರ 160 ಸೆಂಟಿಮೀಟರ್, ತೂಕ 51 ಕಿಲೋ. ಕೆಲಸಕ್ಕೆ ಸೇರುವ ಮುನ್ನ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 117 ಬಂತು. 126ರವರೆಗೆ ಹೋಗದ್ದರಿಂದ ‘ಸಕ್ಕರೆ ಕಾಯಿಲೆಯ ಮುನ್ಸೂಚನೆ’ ಎಂದು ಬರೆದು ಕಳಿಸಿದರು. ಆಕೆಯ ತಾಯಿಗೆ ಹೊಟ್ಟೆಯಲ್ಲಿ ಮಗುವಿದ್ದಾಗ ಸಕ್ಕರೆ ಹೆಚ್ಚಿದೆ ಎಂದಿದ್ದರು, ಈಗ ಮೆಟ್‌ಫಾರ್ಮಿನ್ ನುಂಗುತ್ತಾರೆ, ಖಾಲಿ ಹೊಟ್ಟೆಯ ಸಕ್ಕರೆ 124. ತಾಯಿಯ ತಂದೆಗೆ 70 ದಾಟಿದೆ. ಮೂವತ್ತು ವರ್ಷದಿಂದ ‘ಸ್ವಲ್ಪ ಶುಗರ್’ ಇದೆ, ಈಗ 130, ಆದರೆ ಕಣ್ಣು, ಮೂತ್ರಪಿಂಡ, ಕಾಲುಗಳಿಗೆ ಏನೂ ಆಗಿಲ್ಲ. ತಂದೆಯ ಕಡೆ ಎಲ್ಲರೂ ಸರಿಯಾಗಿದ್ದಾರೆ. ಹದಿನೈದು ವರ್ಷದ ತಮ್ಮನನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲ.

ಇಲ್ಲಿ ಅವಸರದಲ್ಲಿ ತೀರ್ಮಾನಕ್ಕೆ ಬರುವ ಅಪಾಯವೂ ಇದೆ. ತೆಳ್ಳಗಿರುವುದು, ಮನೆತನದಲ್ಲಿ ಸಕ್ಕರೆ ಇರುವುದು, ಇವೆರಡೇ ಮೋಡಿಗೆ ಸಾಕ್ಷಿಯಾಗಲಾರವು. ಯುರೋಪಿನಲ್ಲಿ ಈ ಲಕ್ಷಣಗಳಿಗೆ ಹೆಚ್ಚು ತೂಕವಿದೆ; ಭಾರತದಲ್ಲಿ ಹಾಗಲ್ಲ. ಮೂವತ್ತು ತುಂಬುವ ಮೊದಲೇ, ತೂಕ ಕಡಿಮೆ ಇದ್ದರೂ ಟೈಪ್ 2 ಬರುವುದು ಇಲ್ಲಿ ಸಾಮಾನ್ಯ, ಅಪ್ಪ-ಅಮ್ಮ ಇಬ್ಬರಿಗೂ ಸಕ್ಕರೆ ಇರುವ ಮನೆಗಳೂ ಬೇಕಾದಷ್ಟಿವೆ. ಎಕ್ಸಿಟರ್ ವಿಶ್ವವಿದ್ಯಾಲಯದವರು ಮೋಡಿಯ ಸಾಧ್ಯತೆ ಲೆಕ್ಕಹಾಕಲು ರೂಪಿಸಿದ ಸಾಧನ ಬಿಳಿಯ ಯುರೋಪಿಯನ್ನರ ಮಾಹಿತಿಯಿಂದ ಹುಟ್ಟಿದ್ದು, ಅದನ್ನು ಇಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ. ನೋಡಬೇಕಾದದ್ದು ಎಷ್ಟು ಜನರಿಗೆ ಸಕ್ಕರೆ ಇದೆ ಎಂಬುದನ್ನಲ್ಲ, ಅವರೆಲ್ಲರ ಸಕ್ಕರೆ ಎಂತಹದು ಎಂಬುದನ್ನು. ಟೈಪ್ 2 ಕುಟುಂಬದಲ್ಲಿ ಒಬ್ಬರಿಗೆ 280, ಇನ್ನೊಬ್ಬರಿಗೆ ಇನ್ಸುಲಿನ್, ಮತ್ತೊಬ್ಬರಿಗೆ ಡಯಾಲಿಸಿಸ್, ಹೀಗೆ ಏರುಪೇರಿನ ಚಿತ್ರ ಕಾಣುತ್ತದೆ. ಗ್ಲುಕೋಕೈನೇಸ್ ಕುಟುಂಬದಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರದೂ ಅದೇ ಇಕ್ಕಟ್ಟಾದ ಪಟ್ಟಿಯೊಳಗೆ, ಸಾಮಾನ್ಯವಾಗಿ 99ರಿಂದ 144ರ ನಡುವೆ ಇರುತ್ತದೆ.

ಇದನ್ನು ತಿಳಿಯಲು ದುಬಾರಿ ಪರೀಕ್ಷೆಗೆ ಮೊದಲೇ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು ಹಳೆಯ ವರದಿಗಳನ್ನು ಹುಡುಕುವುದು. ಯುವತಿಯ ತಾಯಿಯ ಕಪಾಟಿನಲ್ಲಿದ್ದ ಇಪ್ಪತ್ತು ವರ್ಷದ ಹಿಂದಿನ ಚೀಟಿಯಲ್ಲಿ 119 ಎಂದಿತ್ತು. ಇಷ್ಟು ದೀರ್ಘ ಕಾಲದಲ್ಲಿ ಐದೇ ಅಂಕ ಏರಿರುವುದು ಟೈಪ್ 2ರ ನಡೆಯಂತೆ ಕಾಣುವುದಿಲ್ಲ. ಎರಡನೆಯದು ತಂದೆ, ತಾಯಿ, ಒಡಹುಟ್ಟಿದವರು ಎಲ್ಲರ ಖಾಲಿ ಹೊಟ್ಟೆಯ ಸಕ್ಕರೆಯನ್ನು ಪ್ರಯೋಗಾಲಯದಲ್ಲಿ, ರಕ್ತನಾಳದಿಂದ ತೆಗೆದ ರಕ್ತದಲ್ಲಿ ನೋಡುವುದು. ಮನೆಯ ಗ್ಲುಕೋಮೀಟರಿನಲ್ಲಿ ಹತ್ತು-ಹದಿನೈದು ಅಂಕದ ವ್ಯತ್ಯಾಸ ಸಹಜ, ಈ ಪ್ರಶ್ನೆಗೆ ಅದು ಸಾಲದು. ‘ನನಗೆ ಸಕ್ಕರೆ ಇಲ್ಲ’ ಎನ್ನುವವರನ್ನೂ ಬಿಡಬಾರದು, ಏಕೆಂದರೆ ಈ ಮಟ್ಟದ ಸಕ್ಕರೆ ಯಾರಿಗೂ ಗೊತ್ತಾಗದೆ ಇರಬಲ್ಲದು. ತಮ್ಮನಿಗೆ 115 ಬಂತು.

ಮೂರನೆಯದು 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ಮತ್ತೆ ಅಳೆಯುವುದು. ಗ್ಲುಕೋಕೈನೇಸ್ ದೋಷದಲ್ಲಿ ಬಹುಪಾಲು ಜನರಲ್ಲಿ ಖಾಲಿ ಹೊಟ್ಟೆಯ ಮಟ್ಟಕ್ಕಿಂತ 54 ಅಂಕಕ್ಕೂ ಕಡಿಮೆ ಏರಿಕೆ ಕಾಣುತ್ತದೆ; ಈ ಯುವತಿಯಲ್ಲಿ 117 ಇದ್ದದ್ದು 148 ಆಯಿತು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ, 40ರ ಒಳಗಿನವರಲ್ಲಿ 5.6ರಿಂದ 7.3ರೊಳಗೆ, ದಾಟಿದವರಲ್ಲಿ 5.9ರಿಂದ 7.6ರೊಳಗೆ ಇರುತ್ತದೆ; ಆಕೆಯದು 6.3. ಕಬ್ಬಿಣಾಂಶ ಕೊರತೆಯ ರಕ್ತಹೀನತೆ ಇದ್ದರೆ ಈ ಸಂಖ್ಯೆ ಸುಳ್ಳಾಗಿ ಏರಿರಬಹುದು, ಅದನ್ನೂ ನೋಡಿಕೊಳ್ಳಬೇಕು. ಟೈಪ್ 1ರ ಗುರುತಾದ ಪ್ರತಿಕಾಯಗಳು, ಮುಖ್ಯವಾಗಿ ಜಿಎಡಿ, ಇಲ್ಲ ಎಂದು ಖಚಿತವಾದ ಮೇಲೆ ಜಿಸಿಕೆ ವಂಶವಾಹಿಯ ಪರೀಕ್ಷೆಗೆ ಅರ್ಥವಿದೆ. ಅದಕ್ಕೆ ಸಾಮಾನ್ಯ ರಕ್ತದ ಸ್ವಲ್ಪ ಮಾದರಿ ಸಾಕು. ಭಾರತದಲ್ಲಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮೋಡಿಯ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ.

ವಂಶವಾಹಿಯ ವರದಿಯನ್ನು ಓದುವಾಗಲೂ ಎಡವುವುದುಂಟು. ಕೆಲವೊಮ್ಮೆ ‘ಅರ್ಥ ಸ್ಪಷ್ಟವಿಲ್ಲದ ವ್ಯತ್ಯಾಸ’ ಎಂಬ ಫಲಿತಾಂಶ ಬರುತ್ತದೆ, ಅಂದರೆ ಅಕ್ಷರ ಬದಲಾಗಿದೆ, ಅದು ರೋಗಕ್ಕೆ ಕಾರಣವೋ ಅಲ್ಲವೋ ಗೊತ್ತಿಲ್ಲ. ಅದನ್ನು ರೋಗವೆಂದು ತಿಳಿದುಬಿಡುವುದು ತಪ್ಪು. ಆಗ ಅದೇ ಬದಲಾವಣೆ ಮನೆಯಲ್ಲಿ ಸಕ್ಕರೆ ಹೆಚ್ಚಿರುವ ತಾಯಿ, ಅಜ್ಜ, ತಮ್ಮನಲ್ಲಿ ಇದೆಯೇ, ಸಕ್ಕರೆ ಸರಿಯಿರುವ ಚಿಕ್ಕಮ್ಮನಲ್ಲಿ ಇಲ್ಲವೇ ಎಂದು ನೋಡಬೇಕಾಗುತ್ತದೆ.

ರೋಗ ಖಚಿತವಾದರೆ ಚಿಕಿತ್ಸೆ ಏನು? ಉತ್ತರ ಅನೇಕರಿಗೆ ನಂಬಲು ಕಷ್ಟ: ಸಾಮಾನ್ಯವಾಗಿ ಯಾವುದೂ ಬೇಡ. ಮಾತ್ರೆ ಕೊಟ್ಟು ಸಕ್ಕರೆ ಇಳಿಸಿದರೆ ದೇಹ ತನ್ನ ಗೆರೆಗೇ ಮರಳಲು ಒದ್ದಾಡುತ್ತದೆ. ಮಾತ್ರೆ ನಿಲ್ಲಿಸಿದಾಗ ಎಚ್‌ಬಿಎ1ಸಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ ಎಂಬುದನ್ನು ಎಕ್ಸಿಟರಿನ ಅಧ್ಯಯನ ತೋರಿಸಿದೆ. ಅಲ್ಲಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಸುಮಾರು ಅರ್ಧ ಶತಮಾನ ಇಂಥ ಸಕ್ಕರೆಯೊಂದಿಗೆ ಬದುಕಿದವರನ್ನು ನೋಡಲಾಗಿತ್ತು. ಕಣ್ಣಿನ ಅಕ್ಷಿಪಟಲದಲ್ಲಿ ಸಣ್ಣ ಗುರುತುಗಳು ಸಕ್ಕರೆ ಕಾಯಿಲೆ ಇಲ್ಲದವರಿಗಿಂತ ಹೆಚ್ಚಿದ್ದವು, ಆದರೆ ಲೇಸರ್ ಚಿಕಿತ್ಸೆ ಬೇಕಾದಷ್ಟು ಯಾರಿಗೂ ಕೆಟ್ಟಿರಲಿಲ್ಲ. ಹಾಗಾಗಿ ಮೂವತ್ತು ವರ್ಷ ಸಕ್ಕರೆಗೆ ಹೆದರಿ ಬದುಕಿದ ಅಜ್ಜನಿಗೆ ಈ ಪರೀಕ್ಷೆ ಬಿಡುಗಡೆ ನೀಡುತ್ತದೆ. ಇದು ಟೈಪ್ 2ರಿಂದ ರಕ್ಷಣೆ ಕೊಡುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ವಯಸ್ಸಾಗಿ ತೂಕ ಹೆಚ್ಚಿ ಎಚ್‌ಬಿಎ1ಸಿ 7.6 ದಾಟಿದರೆ ಎರಡನೆಯ ಕಾಯಿಲೆಯೂ ಸೇರಿರಬಹುದು.

ಇದೇ ಮೋಡಿ ಗುಂಪಿನ ಎಚ್‌ಎನ್‌ಎಫ್1ಎ ಎಂಬ ಬಗೆಯನ್ನು ಇದರೊಂದಿಗೆ ಬೆರೆಸಬಾರದು. ಅದರಲ್ಲಿ ಆರಂಭದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸರಿಯಿದ್ದು ಗ್ಲುಕೋಸ್ ಕುಡಿದ ಮೇಲೆ ಬಹಳ ಏರುತ್ತದೆ, ಮೂತ್ರದಲ್ಲೂ ಸಕ್ಕರೆ ಬೇಗ ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ಹದಗೆಡುತ್ತಾ ಹೋಗುವ ಆ ಬಗೆಗೆ ಚಿಕಿತ್ಸೆ ಬೇಕೇಬೇಕು. ಗ್ಲಿಕ್ಲಜೈಡ್‌ನಂಥ ಸಲ್ಫೊನೈಲ್ಯೂರಿಯಾ ಮಾತ್ರೆಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಒಂದಕ್ಕೆ ಔಷಧ ನಿಲ್ಲಿಸುವುದು, ಇನ್ನೊಂದಕ್ಕೆ ಸರಿಯಾದ ಔಷಧ ಆರಿಸುವುದು, ಎರಡಕ್ಕೂ ಹೆಸರು ಖಚಿತವಾಗಿರಬೇಕು.

ಹೆಣ್ಣುಮಗಳಿಗೆ ಈ ವರದಿ ಬಹಳ ಬೆಲೆಬಾಳುವುದು ಬಸುರಿಯಾದಾಗ. ಮಗುವಿಗೆ ತಾಯಿಯ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೆ ತಾಯಿಯ 115 ಮಗುವಿಗೂ ಸಹಜ ಮಟ್ಟ. ಆಗ ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದರೆ ಮಗು ಸೊರಗಿ ಬೆಳೆಯಬಹುದು. ಬಂದಿಲ್ಲದಿದ್ದರೆ ಹೆಚ್ಚಿನ ಸಕ್ಕರೆಗೆ ಮಗುವಿನ ಆರೋಗ್ಯವಂತ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿದು ಮಗು ಅರ್ಧ ಕಿಲೋಗೂ ಮಿಕ್ಕಿ ಹೆಚ್ಚು ತೂಗಬಹುದು. ಹೀಗಾಗಿ ತಾಯಿಯ ಸಕ್ಕರೆಯನ್ನಷ್ಟೇ ನೋಡದೆ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆಯನ್ನು ಕ್ರಮವಾಗಿ ಅಳೆದು, ಅದು ಮಿತಿಮೀರಿ ಬೆಳೆಯುತ್ತಿದ್ದರೆ ಮಾತ್ರ ಇನ್ಸುಲಿನ್ ನೀಡುವ ಪದ್ಧತಿ ರೂಢಿಗೆ ಬಂದಿದೆ.

ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಸೋದರಮಾವನೊಂದಿಗೆ, ಅತ್ತೆ-ಮಾವಂದಿರ ಮಕ್ಕಳೊಂದಿಗೆ ಮದುವೆಯಾಗುವ ರೂಢಿ ಇರುವುದರಿಂದ ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಗಂಡ-ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ, ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿಗಳು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಹುಟ್ಟಿದ ಮೊದಲ ದಿನಗಳಿಂದಲೇ ತೀವ್ರ ಸಕ್ಕರೆ ಕಾಯಿಲೆ, ಜೀವನಪರ್ಯಂತ ಇನ್ಸುಲಿನ್. ನವಜಾತ ಶಿಶುವಿಗೆ ಸಕ್ಕರೆ ಕಂಡ ತಕ್ಷಣ ತಂದೆತಾಯಿಗಳಿಬ್ಬರ ಖಾಲಿ ಹೊಟ್ಟೆಯ ಸಕ್ಕರೆ ಅಳೆದರೆ ಸುಳಿವು ಸಿಗುತ್ತದೆ.

ಮನೆಯಲ್ಲಿ ಯಾರಿಗಾದರೂ ‘ಸ್ವಲ್ಪ ಶುಗರ್’ ಇದ್ದು, ಅದು ಹಲವು ವರ್ಷಗಳಿಂದ ಅಲ್ಲೇ ನಿಂತಿದ್ದರೆ, ಹಳೆಯ ಚೀಟಿಗಳನ್ನೆಲ್ಲ ಕೂಡಿಸಿಕೊಂಡು ಮಧುಮೇಹ ತಜ್ಞರ ಬಳಿ ಹೋಗಿ ಗ್ಲುಕೋಕೈನೇಸ್ ದೋಷದ ಬಗ್ಗೆ ಕೇಳಿ. ವರದಿ ಬರುವವರೆಗೆ ನುಂಗುತ್ತಿರುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ.