ಬಹುಪದೋಕ್ತಿಗೆ ಒಂದು ವಾರ

ಸೋಮವಾರ ಶೇಷ ಪ್ರಮೇಯ ಮತ್ತು ಅಪವರ್ತನ ಪ್ರಮೇಯ ಸಾಕು. x³ − 6x² + 11x − 6 ರಲ್ಲಿ x = 1 ಹಾಕಿದರೆ ಸೊನ್ನೆ ಬರುತ್ತದೆ; ಹಾಗಾಗಿ (x − 1) ಅದರ ಅಪವರ್ತನ. ಮಂಗಳವಾರ ಅದರಿಂದಲೇ ಭಾಗಿಸಿ: x² − 5x + 6, ಅಂದರೆ (x − 2)(x − 3). ಭಾಜ್ಯದಲ್ಲಿ ಒಂದು ಘಾತ ಇಲ್ಲದಿದ್ದರೆ ಆ ಜಾಗದಲ್ಲಿ 0x² ಎಂದು ಬರೆಯಿರಿ. ಅಂಕ ಸೋರಿಹೋಗುವುದು ಅಲ್ಲೇ. ಬುಧವಾರ ಶೂನ್ಯತೆಗಳ ಮೊತ್ತ, ಗುಣಲಬ್ಧ. ಇಲ್ಲಿ 1, 2, 3, ಎರಡೂ 6. ಉತ್ತರ ತಾಳೆ ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಗುರುವಾರ, ಶುಕ್ರವಾರ ಎರಡೂ ದಿನ ಭಾಗಲಬ್ಧ ಫಲನಗಳಿಗೆ. ಅದೇ x² − 5x + 6 ಅನ್ನು x² − 4 ರಿಂದ ಭಾಗಿಸಿ ನೋಡಿ. ಸಂಕ್ಷೇಪಿಸುವ ಮೊದಲೇ x = 2, x = −2 ಎರಡನ್ನೂ ಹೊರಗಿಡಬೇಕು. (x − 2) ಹೊಡೆದುಹೋಗಿ (x − 3)/(x + 2) ಉಳಿಯುತ್ತದೆ. ಆದರೂ x = 2 ನಿಷಿದ್ಧವೇ: ನಕ್ಷೆಯಲ್ಲಿ (2, −1/4) ಬಳಿ ಒಂದು ಖಾಲಿ ಚುಕ್ಕೆ. x = −2 ರ ಬಳಿಯಾದರೆ ನಕ್ಷೆ ಮೇಲಕ್ಕೋ ಕೆಳಕ್ಕೋ ಓಡಿಹೋಗುತ್ತದೆ. x ತುಂಬಾ ದೊಡ್ಡದಾದಾಗ ಬೆಲೆ 1ಕ್ಕೆ ಹತ್ತಿರವಾಗುತ್ತದೆ.

ಶನಿವಾರ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ. ಭಾನುವಾರ ಅದರಲ್ಲಿ ತಪ್ಪಿದ ಲೆಕ್ಕಗಳನ್ನಷ್ಟೇ, ಉತ್ತರ ಮುಚ್ಚಿಟ್ಟು, ಮತ್ತೆ ಮಾಡಿ.